ಸಂಜೆಯ ಸ್ಕೂಪ್, ಬೆಳಗಿನ ಮಾತ್ರೆ

(ಗುರುತು ಸಿಗದ ಹಾಗೆ ಹೆಸರು, ಊರು, ಕೆಲಸದ ವಿವರ ಬದಲಿಸಿದ್ದೇನೆ.)

ಕಿರಣ್‌ಗೆ 23 ವರ್ಷ, ತೂಕ 65 ಕೆಜಿ. ಹುಬ್ಬಳ್ಳಿಯ ಒಂದು ಆಫೀಸಿನಲ್ಲಿ ಅಕೌಂಟ್ಸ್ ಕೆಲಸ. ಮನೆಯವರು ಅವರನ್ನು ಕೌನ್ಸೆಲರ್ ಆದ ನನ್ನ ಹತ್ತಿರ ಕರೆತಂದಿದ್ದು "ಏನೋ ಗಾಬರಿ ಕಾಯಿಲೆ" ಅಂತ. ರಾತ್ರಿ ಹಾಸಿಗೆಗೆ ಬಿದ್ದರೆ ಎದೆ ಡವಡವ ಅನ್ನುತ್ತೆ, ಎರಡು ಗಂಟೆಯಾದರೂ ನಿದ್ದೆ ಬರಲ್ಲ. ಹಾರ್ಟ್ ಅಟ್ಯಾಕ್ ಆಗಿಬಿಡುತ್ತೇನೋ ಅನ್ನೋ ಭಯ ಬೇರೆ.

ಗಾಬರಿ ಅಂತ ಬಂದವರಿಗೆಲ್ಲ ನಾನು ಕೇಳುವ ಒಂದು ಪ್ರಶ್ನೆ ಇದೆ. ಬೆಳಗ್ಗೆ ಎದ್ದಾಗಿನಿಂದ ಮಲಗುವ ತನಕ ಏನೇನು ಕುಡೀತೀರಿ, ಯಾವ ಮಾತ್ರೆ ತಗೋತೀರಿ? ಕಿರಣ್ ಮೊದಲು "ಎರಡು ಕಪ್ ಕಾಫಿ ಅಷ್ಟೇ ಮೇಡಂ" ಅಂದರು. ಜಿಮ್‌ಗೆ ಹೋಗ್ತೀರಾ ಅಂತ ಕೇಳಿದ ಮೇಲೆ ವ್ಯಾಯಾಮಕ್ಕೆ ಮುಂಚೆ ಹುರುಪಿಗೆ ಅಂತ ಕುಡಿಯೋ ಪ್ರೀ-ವರ್ಕೌಟ್ ಪೌಡರ್ ವಿಷಯ ಬಂತು. ಮಾತ್ರೆ ವಿಷಯ ಬಂದಿದ್ದು ಅದಕ್ಕಿಂತ ಎಷ್ಟೋ ಹೊತ್ತಿನ ಮೇಲೆ. ಮುಚ್ಚಿಡಬೇಕು ಅಂತಲ್ಲ. ಸಪ್ಲಿಮೆಂಟ್ ಅಂಗಡಿಯಲ್ಲಿ ಸಿಗೋದು ಔಷಧಿ ಲೆಕ್ಕಕ್ಕೆ ಬರಲ್ಲ ಅಂತ ಅವರು ಅಂದುಕೊಂಡಿದ್ದರು.

ಮುಂದಿನ ಸಲ ಡಬ್ಬ ತನ್ನಿ ಅಂದೆ. ತಂದರು. ಹಿಂಬದಿಯ ಸಣ್ಣ ಅಕ್ಷರದಲ್ಲಿ ಒಂದು ಸ್ಕೂಪ್‌ಗೆ 250 ಮಿಲಿಗ್ರಾಂ ಕೆಫೀನ್ ಅಂತಿತ್ತು. ಕಿರಣ್ ಹಾಕುತ್ತಿದ್ದದ್ದು ಒಂದೂವರೆ. ಯಾಕೆ ಅಂದರೆ, "ಒಂದು ಸ್ಕೂಪ್‌ಗೆ ಈಗ ಮುಖ ಜುಮ್ ಅನ್ನಲ್ಲ, ಕಿಕ್ ಬರಲ್ಲ ಮೇಡಂ." ಆ ಜುಮ್ ಅನ್ನೋದು ಕೆಫೀನ್‌ನಿಂದ ಬರೋದೇ ಅಲ್ಲ, ಪೌಡರ್‌ನಲ್ಲಿರೋ ಬೀಟಾ-ಅಲನಿನ್‌ನಿಂದ. ಅದರಿಂದ ಅಪಾಯ ಇಲ್ಲ. ಆದರೆ ಜುಮ್ ಅನ್ನೋದನ್ನೇ ಅಳತೆಗೋಲು ಮಾಡಿಕೊಂಡು ಪೌಡರ್ ಜಾಸ್ತಿ ಹಾಕಿದರೆ ಜೊತೆಗೆ ಕೆಫೀನೂ ಏರುತ್ತೆ.

ಇಬ್ಬರೂ ಕೂತು ಲೆಕ್ಕ ಹಾಕಿದೆವು. ಬೆಳಗ್ಗೆ ಎಂಟಕ್ಕೆ ಆಫೀಸಿನಲ್ಲಿ ತೂಕಡಿಸಬಾರದು ಅಂತ ಒಂದು ಕೆಫೀನ್ ಮಾತ್ರೆ, 200 ಮಿಲಿಗ್ರಾಂ. ಎರಡು ಕಾಫಿ, ಸುಮಾರು 160. ಸಂಜೆ ಏಳಕ್ಕೆ ಒಂದೂವರೆ ಸ್ಕೂಪ್, 375. ಒಟ್ಟು 735. ಆರೋಗ್ಯವಾಗಿರೋ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ, ಒಂದೇ ಸಲಕ್ಕೆ 200ರವರೆಗೆ ಚಿಂತೆ ಇಲ್ಲ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿದೆ. ಅಮೆರಿಕದ ಎಫ್‌ಡಿಎ ಕೂಡ ದಿನಕ್ಕೆ 400 ಅನ್ನೋ ಅಂಕಿಯನ್ನೇ ಕೊಡುತ್ತೆ. ಕಿರಣ್ ಎರಡೂ ಗೆರೆ ದಾಟಿದ್ದರು.

ಆದರೆ ಅವರಿಗೆ ನಾಟಿದ್ದು ಒಟ್ಟು ಲೆಕ್ಕ ಅಲ್ಲ, ಗಡಿಯಾರದ ಲೆಕ್ಕ. ದೇಹಕ್ಕೆ ಹೋದ ಕೆಫೀನ್ ಅರ್ಧಕ್ಕೆ ಇಳಿಯೋಕೆ ಸರಾಸರಿ ಐದು ಗಂಟೆ ಬೇಕು. ಕೆಲವರಿಗೆ ಇನ್ನೂ ಹೆಚ್ಚು. ಸಂಜೆ ಏಳಕ್ಕೆ 375 ಹೋದರೆ ರಾತ್ರಿ ಹನ್ನೆರಡಕ್ಕೂ ಸುಮಾರು 185 ಉಳಿದಿರುತ್ತೆ. ಅಂದರೆ ಎರಡು ಕಪ್ ಕಾಫಿ ಕುಡಿದು ದಿಂಬಿಗೆ ತಲೆ ಇಟ್ಟ ಹಾಗೆ. ಬೆಳಗಿನ ಜಾವ ಐದಕ್ಕೂ 90ರಷ್ಟು ಇರುತ್ತೆ. ನಿದ್ದೆ ತರಿಸೋ ಅಡೆನೊಸಿನ್ ಮೆದುಳಿನಲ್ಲಿ ಹಗಲೆಲ್ಲ ಸೇರುತ್ತಾ ಹೋಗುತ್ತೆ. ಕೆಫೀನ್ ಅದರ ಜಾಗದಲ್ಲಿ ತಾನು ಕೂತುಬಿಡುತ್ತೆ. ಸುಸ್ತು ಹೋಗಿರಲ್ಲ, ಗೊತ್ತಾಗಲ್ಲ ಅಷ್ಟೇ. ಮಲಗೋ ಆರು ಗಂಟೆ ಮುಂಚೆ 400 ಮಿಲಿಗ್ರಾಂ ತಗೊಂಡವರ ನಿದ್ದೆ ಒಂದು ಗಂಟೆಗಿಂತ ಜಾಸ್ತಿ ಕಡಿಮೆಯಾಗಿದ್ದು 2013ರ ಒಂದು ಅಧ್ಯಯನದಲ್ಲಿ ಕಂಡಿದೆ.

ಸಂಜೆಯ ಪೌಡರ್ ನಿದ್ದೆ ಕೆಡಿಸುತ್ತಿತ್ತು. ಕೆಟ್ಟ ನಿದ್ದೆಗೆ ಬೆಳಗ್ಗೆ ಮಾತ್ರೆ ಬೇಕಾಗುತ್ತಿತ್ತು. ಸಂಜೆ ಹೊತ್ತಿಗೆ ಮೈ ಸೋತು ಮತ್ತೆ ಪೌಡರ್. ಈ ಸುತ್ತನ್ನು ಬಿಳಿ ಹಾಳೆ ಮೇಲೆ ಬರೆದಾಗ ಕಿರಣ್ ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತರು.

ಸಲಹೆಗೆ ಮುಂಚೆ ಡಾಕ್ಟರ್. ಎದೆ ಬಡಿತ ಅಂದಮೇಲೆ ಕೆಫೀನೇ ಕಾರಣ ಅಂತ ನಾನು ಕೂತಲ್ಲೇ ತೀರ್ಮಾನ ಮಾಡೋ ಹಾಗಿಲ್ಲ. ಥೈರಾಯ್ಡ್, ರಕ್ತ ಕಡಿಮೆ ಇರೋದು, ಹುಟ್ಟಿನಿಂದ ಬಂದ ಹೃದಯದ ತೊಂದರೆ, ಎಲ್ಲದರಲ್ಲೂ ಹೀಗೇ ಆಗಬಹುದು. ಇಸಿಜಿ, ಬಿಪಿ, ರಕ್ತ ಪರೀಕ್ಷೆ ಮಾಡಿಸಿದರು. ನಾಡಿ ಸ್ವಲ್ಪ ಜೋರಿತ್ತು, ಉಳಿದದ್ದು ಸರಿಯಿತ್ತು. ಡಾಕ್ಟರ್‌ಗೆ ಡಬ್ಬ ತೋರಿಸಿ ಅಂತ ನಾನೇ ಹೇಳಿ ಕಳಿಸಿದ್ದೆ. ಕೆಲವು ಪೌಡರ್‌ಗಳಲ್ಲಿ ಯೋಹಿಂಬಿನ್, ಸಿನೆಫ್ರಿನ್ ಥರದ ಉತ್ತೇಜಕಗಳೂ ಇರುತ್ತವೆ, ಅವೂ ಎದೆ ಬಡಿತ ಏರಿಸಬಲ್ಲವು. ಇನ್ನು ಕೆಲವು ಡಬ್ಬಗಳಲ್ಲಿ "ಪ್ರೊಪ್ರೈಟರಿ ಬ್ಲೆಂಡ್" ಅಂತಷ್ಟೇ ಬರೆದು ಯಾವುದು ಎಷ್ಟು ಅಂತ ಹೇಳಿರೋದೇ ಇಲ್ಲ. ಅಂಥದ್ದನ್ನು ಮುಟ್ಟಲೇಬೇಡಿ ಅನ್ನೋದು ನನ್ನ ಖಚಿತ ಮಾತು.

ಡಾಕ್ಟರ್ ಒಪ್ಪಿಗೆ ಪಡೆದು ಹೀಗೆ ಮಾಡಿದೆವು. ಸಂಜೆಯ ಪೌಡರ್ ಅವತ್ತಿಂದಲೇ ಬಂದ್. ಬೆಳಗಿನ ಮಾತ್ರೆ ಮತ್ತು ಕಾಫಿ ಸದ್ಯಕ್ಕೆ ಇರಲಿ, ಆದರೆ ಮಧ್ಯಾಹ್ನದ ಊಟದ ಮೇಲೆ ಏನೂ ಬೇಡ. ಇಷ್ಟರಿಂದಲೇ ಒಟ್ಟು 360ಕ್ಕೆ ಇಳಿಯಿತು. ವಾರದ ಮೇಲೆ ಅರ್ಧ ಮಾತ್ರೆ, ಇನ್ನೊಂದು ವಾರಕ್ಕೆ ಅದೂ ಇಲ್ಲ. "ಎಲ್ಲಾ ಒಟ್ಟಿಗೆ ಬಿಟ್ಟುಬಿಡ್ತೀನಿ ಮೇಡಂ" ಅಂತ ಹುಮ್ಮಸ್ಸಿನಲ್ಲಿ ಹೇಳಿದರು. ಬೇಡ ಅಂದೆ. ಹಾಗೆ ಬಿಟ್ಟವರಿಗೆ ಒಂದು ದಿನದೊಳಗೆ ತಲೆನೋವು ಹಿಡಿಯುತ್ತೆ, ಸಿಡುಕು, ಮಂಕು ಬರುತ್ತೆ. ಎರಡನೇ ದಿನದ ಸುಮಾರಿಗೆ ಜೋರಾಗುತ್ತೆ, ಕೆಲವರಿಗೆ ವಾರದ ತನಕ ಇರುತ್ತೆ. ಆಗ ತಾಳಲಾರದೆ ಮತ್ತೆ ಡಬ್ಬ ತೆಗೆಯುತ್ತಾರೆ.

ಇಳಿಸಿದರೂ ಕಿರಣ್‌ಗೆ ಮೂರನೇ ದಿನ ತಲೆ ಸಿಡಿಯಿತು. ಮೆಡಿಕಲ್ ಶಾಪ್‌ನಿಂದ ತಲೆನೋವಿನ ಮಾತ್ರೆ ತಂದು ನುಂಗಿದರು, ತಕ್ಷಣ ಹಾಯೆನಿಸಿತಂತೆ. ಸ್ಟ್ರಿಪ್ ಫೋಟೋ ಕಳಿಸಿ ಅಂದೆ. ನೋಡಿದರೆ ಅದರಲ್ಲೂ ಕೆಫೀನ್! ತಲೆನೋವು, ನೆಗಡಿಯ ಎಷ್ಟೋ ಮಾತ್ರೆಗಳಲ್ಲಿ ಅದು ಸೇರಿರುತ್ತೆ. ಬರೀ ಪ್ಯಾರಸಿಟಮಾಲ್ ಸಾಕು ಅಂತ ಡಾಕ್ಟರ್ ಬದಲಿಸಿಕೊಟ್ಟರು.

ರಾತ್ರಿಯ ಭಯಕ್ಕೆ ನಾಡಿ ಹಿಡಿಯೋದನ್ನು ಕಲಿಸಿದೆ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಬೇಕು. ಬಡಿತ ಒಂದೇ ಸಮ ಇದೆಯಾ, ನಡುನಡುವೆ ತಪ್ಪುತ್ತಿದೆಯಾ ಅಂತಲೂ ನೋಡಬೇಕು. ಒಮ್ಮೆ ಸಾಕು, ಹತ್ತು ಸಲ ನೋಡಿದರೆ ಗಾಬರಿಗೇ ಬಡಿತ ಇನ್ನಷ್ಟು ಏರುತ್ತೆ. ಹಾಗೇ ಬರೆದಿಟ್ಟ ಚೀಟಿಯಲ್ಲಿ ಮೊದಲು 100ರ ಆಸುಪಾಸು ಇತ್ತು, ಮೂರನೇ ವಾರಕ್ಕೆ 70ರ ಹತ್ತಿರ ಬಂತು. ನಿದ್ದೆ ಹನ್ನೊಂದೂವರೆಗೆ ಹತ್ತತೊಡಗಿತು. ಗಾಬರಿ ಪೂರ್ತಿ ಹೋಗಿರಲಿಲ್ಲ, ಆಫೀಸಿನ ಒತ್ತಡದ ಬಗ್ಗೆ ಮಾತು ಮುಂದುವರಿಸಿದೆವು.

ಜಿಮ್‌ನಲ್ಲಿ ಎರಡು ವಾರ ತೂಕ ಕಡಿಮೆ ಎತ್ತಿದರು, ಬೇಸರವೂ ಆಯಿತು. ಹೋಗುವ ಮುಂಚೆ ಬಾಳೆಹಣ್ಣು, ನೀರು. ಇನ್ನು ಪೌಡರ್ ಬೇಡವೇ ಬೇಡವಾ ಅಂತ ಕೇಳಿದರು. ವ್ಯಾಯಾಮಕ್ಕೆ ಕೆಫೀನ್ ನೆರವಾಗೋದು ನಿಜ, ಆದರೆ ತೂಕದ ಕೆಜಿಗೆ 3 ಮಿಲಿಗ್ರಾಂ ಇದ್ದರೂ ಪ್ರಯೋಜನ ಸಿಗುತ್ತೆ. ಇವರಿಗೆ ಅದು 195, ಅಂದರೆ ಒಂದು ಸ್ಕೂಪೂ ಪೂರ್ತಿ ಬೇಡ. ಡಾಕ್ಟರ್ ಸರಿ ಅಂದರೆ, ಭಾನುವಾರ ಬೆಳಗಿನ ವರ್ಕೌಟ್‌ಗೆ ಅರ್ಧ ಸ್ಕೂಪ್, ಅವತ್ತು ಒಂದೇ ಕಾಫಿ ಅಂತ ಒಪ್ಪಂದವಾಯಿತು.

ಈ 400ರ ಲೆಕ್ಕ ಎಲ್ಲರಿಗೂ ಅಲ್ಲ. ಗರ್ಭಿಣಿಯರಿಗೆ ದಿನಕ್ಕೆ 200ರ ಒಳಗೆ. ಬಿಪಿ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನೇ ಕೇಳಬೇಕು. 18 ತುಂಬದ ಮಕ್ಕಳಿಗೆ ಈ ಪೌಡರ್, ಮಾತ್ರೆ ಬೇಡ. ಎದೆ ನೋವು, ಕಣ್ಣು ಕತ್ತಲೆ, ಪ್ರಜ್ಞೆ ತಪ್ಪೋದು, ವ್ಯಾಯಾಮದ ನಡುವೆಯೇ ಬಡಿತ ತಾಳ ತಪ್ಪೋದು ಆದರೆ ಕೌನ್ಸೆಲಿಂಗ್‌ಗೆ ಅಲ್ಲ, ತಕ್ಷಣ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿದ್ದರೆ, ಪೌಡರ್ ಶುರು ಮಾಡೋ ಮುಂಚೆಯೇ ಅದನ್ನು ಡಾಕ್ಟರ್‌ಗೆ ಹೇಳಿ.