ಆರು ತಿಂಗಳಲ್ಲಿ 42,000 ಎಲ್ಲಿ ಹೋಯಿತು?

*ಮನೆ ಬಜೆಟ್ ಶೀಟ್ ನನ್ನದು, ನೆಟ್ ವರ್ತ್ ಶೀಟ್ ನಮ್ಮ ಯಜಮಾನರದು. ಸಂಬಳ 80,000, ಇಎಂಐ 25,000 ಸೇರಿ ಖರ್ಚು 68,000. ವರ್ಷಕ್ಕೊಮ್ಮೆ ಕಟ್ಟುವ ವಿಮೆಯ 24,000 ಮಾತ್ರ ತಿಂಗಳ ಖರ್ಚಲ್ಲ ಅಂತ ಬರೆದಿಲ್ಲ. ನನ್ನ ಲೆಕ್ಕದಲ್ಲಿ ಆರು ತಿಂಗಳಿಗೆ 72,000 ಉಳಿಯಬೇಕು. ಅವರ ಶೀಟಲ್ಲಿ ನೆಟ್ ವರ್ತ್ ಏರಿದ್ದು 30,000 ಅಷ್ಟೇ. ‘ಮಿಕ್ಕಿದ್ದು ಏನು ಮಾಡಿದೆ?’ ಅಂತ ಕೇಳ್ತಾರೆ. ಶೀಟ್ ಬರೆಯೋದೇ ಬಿಟ್ಟುಬಿಡಲಾ? (ಸಾಲ ಆಗ 20 ಲಕ್ಷವಿತ್ತು, ಬಡ್ಡಿ 9%.)*

ಬಿಡಬೇಡಿ. ಅವರ ಪ್ರಶ್ನೆ ಸರಿ, ಕೇಳಿದ ರೀತಿ ಸರಿಯಿಲ್ಲ. ತಮಾಷೆ ಅಂದರೆ ಇಬ್ಬರ ಶೀಟೂ ತಪ್ಪು.

ಮೊದಲು ಅವರದ್ದು. ನೆಟ್ ವರ್ತ್ ಅಂದರೆ ಇರುವ ದುಡ್ಡು, ಆಸ್ತಿಯಿಂದ ಸಾಲ ಕಳೆದದ್ದು, ಹಾಗಾಗಿ ಸಾಲ ಇಳಿದರೂ ಅದು ಏರುತ್ತದೆ. ಇಎಂಐ ಪೂರ್ತಿ ಖರ್ಚಲ್ಲ. ಮೊದಲ ತಿಂಗಳ ಬಡ್ಡಿ ಇಷ್ಟು:

```
=2000000*9%/12
```

ಅಂದರೆ 15,000. ಉಳಿದ 10,000 ಅಸಲಿಗೆ ಹೋಗಿ ಸಾಲ ಅಷ್ಟು ಇಳಿಯುತ್ತದೆ. ಮುಂದಿನ ತಿಂಗಳ ಬಡ್ಡಿ 14,925, ಅಸಲಿಗೆ ಇನ್ನೂ ಸ್ವಲ್ಪ ಜಾಸ್ತಿ. ಹೀಗೆ ಆರು ತಿಂಗಳಲ್ಲಿ ಸಾಲ ಸುಮಾರು 61,000 ಕಡಿಮೆಯಾಗಿರಬೇಕು. ಅವರ ಶೀಟಲ್ಲಿ ಸಾಲದ ಸಾಲು ಇನ್ನೂ 20 ಲಕ್ಷದಲ್ಲೇ ನಿಂತಿದೆಯಾ ನೋಡಿ. 30,000 ಅಂತ ಬರಬೇಕಾದರೆ ಹಾಗೇ ಇರಬೇಕು ಅಂತ ನನ್ನ ಗುಮಾನಿ. ನಾನೇ ಒಂದು ವರ್ಷ ಹೀಗೆ ಮಾಡಿ, ಸುಮ್ನೆ ಕೊರಗಿದ್ದೇನೆ.

ಈಗ ನಿಮ್ಮದು. ಬ್ಯಾಂಕಿನಲ್ಲಿ 72,000 ಏರಬೇಕಿತ್ತು, ಏರಿದ್ದು 30,000. ಕೊರತೆ 42,000. ಅದರಲ್ಲಿ 24,000 ಈ ಆರು ತಿಂಗಳಲ್ಲೇ ಕಟ್ಟಿ ನೀವು ಶೀಟಲ್ಲಿ ಬರೆಯದೆ ಬಿಟ್ಟ ಆ ವಿಮೆ! ಅದಕ್ಕೆ ತಿಂಗಳಿಗೆ 2,000ದ ಸಾಲು ಹಾಕಿ. ಆದರೆ ಕಂತು ಕಟ್ಟಿದ ತಿಂಗಳು 24,000 ಅಂತ ಮತ್ತೆ ಖರ್ಚು ಬರೆಯಬೇಡಿ, ಎರಡು ಸಲ ಲೆಕ್ಕವಾಗುತ್ತದೆ.

ಉಳಿದ 18,000, ಅಂದರೆ ತಿಂಗಳಿಗೆ 3,000. ಹೆಚ್ಚಾಗಿ ಇದು ಎಟಿಎಂನಿಂದ ತೆಗೆದು ಎಲ್ಲೂ ಬರೆಯದ ದುಡ್ಡು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ನಗದು ತೆಗೆದ ಸಾಲುಗಳನ್ನಷ್ಟೇ ಕೂಡಿ, ನಿಮ್ಮ ಶೀಟಿನ ನಗದು ಖರ್ಚಿನ ಪಕ್ಕ ಇಡಿ. ಅಲ್ಲಿ ಸಿಗದಿದ್ದರೆ ಯಜಮಾನರ ಕಾರ್ಡ್ ಬಿಲ್ ನೋಡಿ. ಹೌದು, ಅವರದ್ದೂ.

ಇನ್ನು ಮುಂದೆ ಆರು ತಿಂಗಳು ಕಾಯಬೇಡಿ. B ಕಾಲಂನಲ್ಲಿ ಆದಾಯ, Cಯಲ್ಲಿ ಖರ್ಚು, Dಯಲ್ಲಿ ತಿಂಗಳ ಕೊನೆಯ ಬ್ಯಾಂಕ್ ಬ್ಯಾಲೆನ್ಸ್ ಇರಲಿ. D1ರಲ್ಲಿ ಶುರುವಿನ ಬ್ಯಾಲೆನ್ಸ್. ಮೊದಲ ತಿಂಗಳು 2ನೇ ಸಾಲಿನಲ್ಲಿ ಬರಲಿ, ಅದರ ಪಕ್ಕ E2ರಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=D1+B2-C2-D2
```

ಸೊನ್ನೆ ಬಂದರೆ ಎಲ್ಲ ಬರೆದಿದ್ದೀರಿ. 3,000 ಬಂದರೆ ಅಷ್ಟು ಖರ್ಚು ಬರೆಯದೆ ಉಳಿದಿದೆ. ವಿಮೆಗೆ ಎತ್ತಿಟ್ಟ 2,000 ಅದೇ ಖಾತೆಯಲ್ಲಿದ್ದರೆ ಲೆಕ್ಕ ಅಷ್ಟಕ್ಕೆ ಕೆಡುತ್ತದೆ, ಹಾಗಾಗಿ ಅದನ್ನು ಬೇರೆ ಖಾತೆಗೆ ಹಾಕಿಬಿಡಿ.

ನಿಜವಾದ ಏರಿಕೆ ಸುಮಾರು 91,000: ಬ್ಯಾಂಕಿನ 30,000, ಸಾಲದಲ್ಲಿ ಇಳಿದ 61,000. ಯಜಮಾನರಿಗೆ ಮೊದಲು ಇದನ್ನು ತೋರಿಸಿ, ಆ 18,000ದ ಮಾತು ಆಮೇಲೆ ಎತ್ತಿ.