37 ವಾರಕ್ಕೆ ಮಗು ಕೆಳಗಿಳಿದಿದೆ, ಆದರೆ ಫೈಲ್‌ನಲ್ಲಿ ‘3/5’ ಅಂತ ಬರೆದಿದ್ದಾರೆ

“ಚೊಚ್ಚಲ ಬಸಿರು, 37 ವಾರ. ಹೊಟ್ಟೆ ಇಳಿದು ಉಸಿರಾಟ ಸಲೀಸಾಗಿದೆ, ಕೆಳಗೆ ತುಂಬಾ ಒತ್ತಡ. ಡಾಕ್ಟರ್ 3/5 ಅಂತ ಬರೆದಿದ್ದಾರೆ. ತಲೆ ಕೂತಿದೆಯಾ?”

ಇನ್ನೂ ಪೂರ್ತಿ ಕೂತಿಲ್ಲ ಮೇಡಂ. ಡಾಕ್ಟರು ನಿಮ್ಮ ಕಿಬ್ಬೊಟ್ಟೆಯ ಮೂಳೆಯ ಮೇಲೆ ಎರಡೂ ಕೈಯ ಬೆರಳುಗಳನ್ನಿಟ್ಟು ಮೆಲ್ಲಗೆ ಒತ್ತಿ ನೋಡಿದ್ದು ನೆನಪಿರಬಹುದು. ತಲೆಯನ್ನು ಐದು ಪಾಲು ಅಂದುಕೊಂಡರೆ, ಎಷ್ಟು ಪಾಲು ಇನ್ನೂ ಮೇಲೆ ಕೈಗೆ ಸಿಗುತ್ತದೆ ಎನ್ನುವುದೇ ಆ ಲೆಕ್ಕ. ನಿಮ್ಮದರಲ್ಲಿ ಮೂರು ಪಾಲು ಸಿಗುತ್ತಿದೆ. ಅದು 2/5 ಅಥವಾ ಅದಕ್ಕಿಂತ ಕಡಿಮೆಯಾದರೆ ತಲೆಯ ಅತಿ ಅಗಲದ ಭಾಗ, ಸುಮಾರು 9.5 ಸೆಂ.ಮೀ., ಸೊಂಟದ ಮೂಳೆಯ ಬಾಯಿ ದಾಟಿದೆ ಎಂದರ್ಥ. ಅದನ್ನೇ ಎಂಗೇಜ್‌ ಆಗಿದೆ ಅನ್ನೋದು.

ಮಗು ಇಳಿದಾಗ ವಪೆಯ ಮೇಲಿನ ಭಾರ ತಗ್ಗುತ್ತದೆ, ಅದಕ್ಕೇ ಉಸಿರು ಹಗುರ. ಆ ಭಾರ ಈಗ ಮೂತ್ರಕೋಶದ ಮೇಲೆ ಬಿದ್ದಿದೆ. ಇದರಿಂದ ಹೆರಿಗೆಯ ದಿನ ಗೊತ್ತಾಗುವುದಿಲ್ಲ. ಚೊಚ್ಚಲಲ್ಲಿ ಇನ್ನೂ ಎರಡು-ಮೂರು ವಾರ ಹಿಡಿಯಬಹುದು.

ಒಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ತಲೆ ಕೂರುವ ಮೊದಲೇ ನೀರು ಒಡೆದರೆ ಹೊಕ್ಕುಳಬಳ್ಳಿ ಜಾರಿ ಮುಂದೆ ಬರುವ ಅಪಾಯ ಅಪರೂಪಕ್ಕಾದರೂ ಇದೆ. ಆಗ ನೋವಿಗೆ ಕಾಯದೆ ಆಸ್ಪತ್ರೆಗೆ ಹೊರಡಿ. ಸಂಜೆಯ ಸಿಲ್ಕ್ ಬೋರ್ಡ್ ಟ್ರಾಫಿಕ್ ಲೆಕ್ಕಕ್ಕಿಟ್ಟುಕೊಂಡು ದಾರಿ ಈಗಲೇ ನೋಡಿಡಿ. ಬಳ್ಳಿ ಹೊರಗೆ ಕಂಡರೆ ಮುಟ್ಟಬೇಡಿ, ಮಂಡಿಯೂರಿ ಎದೆ ನೆಲಕ್ಕಿಟ್ಟು ಸೊಂಟ ಎತ್ತಿ 108ಕ್ಕೆ ಕರೆ ಮಾಡಿಸಿ. ರಕ್ತ ಹೋದರೂ, ಮಗುವಿನ ಓಡಾಟ ಕಡಿಮೆಯಾದರೂ ಕೂಡಲೇ ತೋರಿಸಿ.