ಕೊಡಗಿನ ಮನೆಗಳ ಆಂಟಿಬಯೋಟಿಕ್ ಮತ್ತು ಮನೆಮದ್ದು: ಪ್ರಾಜೆಕ್ಟ್‌ಗೆ ಯಾವ ವಿಷಯ ಒಳ್ಳೆಯದು?

ಪ್ರಶ್ನೆ: ನಾನು ಬಿ.ಫಾರ್ಮ್ ಕೊನೇ ವರ್ಷ, ಊರು ವಿರಾಜಪೇಟೆ ಹತ್ತಿರ. ಆಂಟಿಬಯೋಟಿಕ್ ದುರ್ಬಳಕೆ, ಮನೆಮದ್ದು ಎರಡೂ ಸೇರಿರುವ ಒಂದು ಟಾಪಿಕ್ ಬೇಕು. ಗೈಡ್ "ಅರಿವು, ಮನೋಭಾವದ ಸರ್ವೆ ಮಾಡು" ಅಂತಾರೆ. ಅದಕ್ಕಿಂತ ಒಳ್ಳೆಯದು ಏನಾದರೂ ಇದೆಯಾ?

ಉತ್ತರ: ಇದೆ. ಮನೆಯ ಮಾತ್ರೆ ಡಬ್ಬಿ ತೆರೆಸಿ ನೋಡಿ. ಆಮೇಲೆ ಆ ಮನೆಯಲ್ಲಿ ಕೊನೇ ಸಲ ಯಾರಿಗೋ ಜ್ವರವೋ ಕೆಮ್ಮೋ ಬಂದಾಗ ಯಾವ ದಿನ ಏನು ತಗೊಂಡರು ಅಂತ ಕೇಳಿ ಬರೆದುಕೊಳ್ಳಿ. ಈ ಎರಡರಲ್ಲೇ ಒಂದು ಗಟ್ಟಿ ಪ್ರಾಜೆಕ್ಟ್ ಆಗುತ್ತದೆ.

ನಾನು ಫಾರ್ಮಸಿ ಪ್ರಾಕ್ಟೀಸ್ ಪಾಠ ಮಾಡುವವಳು, ಹುಟ್ಟಿದ್ದು ಸೋಮವಾರಪೇಟೆ ಕಡೆ. ಅರಿವಿನ ಸರ್ವೆ ಬೇಡ ಅನ್ನುವುದಕ್ಕೆ ಕಾರಣ ಇದೆ. "ವೈದ್ಯರನ್ನು ಕೇಳದೆ ಆಂಟಿಬಯೋಟಿಕ್ ತಗೊಳ್ಳುವುದು ಸರಿಯೇ?" ಅಂದರೆ ಎಲ್ಲರೂ "ತಪ್ಪು" ಅಂತಾರೆ. ಕೇಳುವವರು ಕಾಲೇಜಿನ ಹುಡುಗ ಹುಡುಗಿಯರು, ಅವರಿಗೆ ಏನು ಉತ್ತರ ಬೇಕು ಅಂತ ಜನಕ್ಕೆ ಗೊತ್ತಿರುತ್ತದೆ. ಇನ್ನೊಂದು ತೊಡಕೂ ಇದೆ. ಸುಮಾರು ಜನಕ್ಕೆ ಆಂಟಿಬಯೋಟಿಕ್ ಅಂದರೆ ಯಾವುದೋ "ಪವರ್ ಜಾಸ್ತಿ ಇರೋ ಮಾತ್ರೆ". ಪ್ಯಾರಾಸಿಟಮಾಲ್ 650 ಕೂಡ ಆ ಲೆಕ್ಕಕ್ಕೆ ಸೇರಿಬಿಡುತ್ತದೆ, ಅಜಿಥ್ರೋಮೈಸಿನ್ ಮಾತ್ರ "ಗಂಟಲಿನ ಮಾತ್ರೆ" ಆಗಿ ಹೊರಗೆ ಉಳಿಯುತ್ತದೆ. ಆ ಉತ್ತರಗಳ ಮೇಲೆ ಎಷ್ಟು ಟೇಬಲ್ ಹಾಕಿದರೂ ಪ್ರಯೋಜನ ಇಲ್ಲ. ಡಬ್ಬಿಯಲ್ಲಿರುವ ಪಟ್ಟಿ ಸುಳ್ಳು ಹೇಳಲ್ಲ ಅಲ್ವಾ?

ಒಂದು ಮನೆಯ ಹಾಳೆ ಹೇಗೆ ತುಂಬುತ್ತದೆ ಅಂತ ತೋರಿಸುತ್ತೇನೆ. ಅಮ್ಮತ್ತಿ ಕಡೆಯ ಒಂದು ಮನೆ ಅಂದುಕೊಳ್ಳಿ. ಅಜ್ಜಿ, ಗಂಡ, ಹೆಂಡತಿ, ಎರಡು ವರ್ಷದ ಮಗು. ಅಡುಗೆಮನೆ ಶೆಲ್ಫಿನಿಂದ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಬರುತ್ತದೆ. ಒಳಗೆ ಪ್ಯಾರಾಸಿಟಮಾಲ್ 650 ಆರು ಮಾತ್ರೆ. ಅಜಿಥ್ರೋಮೈಸಿನ್ 500ರ ಐದು ಮಾತ್ರೆಯ ಪಟ್ಟಿ, ಅದು ಪೂರ್ತಿ ಖಾಲಿ. ಕತ್ತರಿಸಿ ಕೊಟ್ಟ ಸೆಫಿಕ್ಸಿಮ್ 200ರ ಮೂರು ಮಾತ್ರೆ. ಎಕ್ಸ್‌ಪೈರಿ ದಿನಾಂಕ ಇದ್ದ ತುದಿ ಅಂಗಡಿಯಲ್ಲೇ ಉಳಿದಿದೆ. ಭೇದಿಗೆ ಅಂತ ಇಟ್ಟ ಒಫ್ಲಾಕ್ಸಾಸಿನ್ ಮತ್ತು ಆರ್ನಿಡಜೋಲ್ ಬೆರೆತ ಮಾತ್ರೆ ಒಂದು. ಇಷ್ಟಕ್ಕೇ ನಿಲ್ಲಿಸಬೇಡಿ, "ಫ್ರಿಜ್ಜಲ್ಲಿ ಏನಾದರೂ ಇದೆಯಾ?" ಅಂತ ಕೇಳಿ. ಮಗುವಿನ ಅಮಾಕ್ಸಿಸಿಲಿನ್-ಕ್ಲಾವ್ಯುಲನೇಟ್ ಡ್ರೈ ಸಿರಪ್ ಅರ್ಧ ಬಾಟಲಿ ಅಲ್ಲಿರುತ್ತದೆ. ಪುಡಿಗೆ ನೀರು ಬೆರೆಸಿದ ಮೇಲೆ ಅದು ಫ್ರಿಜ್ಜಿನಲ್ಲಿಟ್ಟರೂ ಲೇಬಲ್‌ನಲ್ಲಿ ಹೇಳಿದಷ್ಟು ದಿನ ಮಾತ್ರ ಬಾಳುತ್ತದೆ, ಸಾಮಾನ್ಯವಾಗಿ ಒಂದು ವಾರ. ಬಾಟಲಿ ಮೇಲಿನ ಎಕ್ಸ್‌ಪೈರಿ ಒಣ ಪುಡಿಯದ್ದು. ಅದನ್ನು ನೋಡಿ "ಇನ್ನೂ ಒಂದು ವರ್ಷ ಇದೆ" ಅಂತ ಇಟ್ಟುಕೊಂಡಿರುತ್ತಾರೆ. ಇದನ್ನು ಬೇರೆ ಕಾಲಂನಲ್ಲಿ ಬರೆಯಿರಿ. ನನ್ನ ಕೇಳಿದರೆ ಇಡೀ ಹಾಳೆಯಲ್ಲಿ ಹೆಚ್ಚು ಬೆಲೆಯ ಸಾಲು ಇದೇ.

ಗುರುತು ಹಿಡಿಯುವುದಕ್ಕೆ ಕೆಂಪು ಗೆರೆಯನ್ನು ನಂಬಿ ಕೂರಬೇಡಿ. ಚೀಟಿ ಬೇಕಾಗುವ ಬೇರೆ ಔಷಧಗಳ ಪಟ್ಟಿಯ ಮೇಲೂ ಆ ಗೆರೆ ಇರುತ್ತದೆ. ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಇರುವ ಸಂಯೋಜನೆ ಓದಿ. ಪ್ರತಿ ಪಟ್ಟಿಯ ಫೋಟೋ ತೆಗೆಯಿರಿ. ಅದರಲ್ಲಿ ಚೀಟಿ, ಹೆಸರು, ಮುಖ ಯಾವುದೂ ಬೀಳಬಾರದು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಅವೇರ್ ವಿಂಗಡಣೆಗೆ ಹೊಂದಿಸಿ. ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್ "ಆಕ್ಸೆಸ್", ಅಂದರೆ ಮೊದಲು ಬಳಸಬಹುದಾದ ಗುಂಪು, ಅಜಿಥ್ರೋಮೈಸಿನ್, ಸೆಫಿಕ್ಸಿಮ್, ಒಫ್ಲಾಕ್ಸಾಸಿನ್ "ವಾಚ್", ಅಂದರೆ ಎಚ್ಚರದಿಂದ ಬಳಸಬೇಕಾದ ಗುಂಪು. ವೈವಾದಲ್ಲಿ ಖಂಡಿತ ಬರುವ ಪ್ರಶ್ನೆ ಒಂದಿದೆ. ಸೆಫಿಕ್ಸಿಮ್ ಶೆಡ್ಯೂಲ್ ಎಚ್1ರಲ್ಲಿದೆ, 2014ರಿಂದ ಅಂಗಡಿಯವರು ಅದನ್ನು ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಅಜಿಥ್ರೋಮೈಸಿನ್ ಬರೀ ಶೆಡ್ಯೂಲ್ ಎಚ್. ಅದಕ್ಕೂ ಚೀಟಿ ಬೇಕು, ರಿಜಿಸ್ಟರ್ ಬೇಡ.

ಈಗ ಕಾಯಿಲೆಯ ಕಥೆ. ಇದಕ್ಕೆ ಒಂದರಿಂದ ಏಳನೇ ದಿನದವರೆಗೆ ಏಳು ಚೌಕ ಇರುವ ಒಂದು ಗೆರೆ ಸಾಕು. ಕಳೆದ 30 ದಿನಗಳಲ್ಲಿ ಆದ ಕಾಯಿಲೆ ಮಾತ್ರ. ಅದಕ್ಕಿಂತ ಹಿಂದಿನದ್ದು ನೆನಪಿನಲ್ಲಿ ಕಲಸಿಹೋಗಿರುತ್ತದೆ. ನಮ್ಮ ಆ ಮನೆಯ ಗಂಡನಿಗೆ ನೆಗಡಿ, ಕೆಮ್ಮು. ಮೊದಲ ದಿನ ಅಜ್ಜಿ ಕಾಳುಮೆಣಸು, ಶುಂಠಿ ಜಜ್ಜಿ ಬೆಲ್ಲ ಹಾಕಿ ಕಷಾಯ ಕಾಸಿದರು. ಎರಡನೇ ದಿನ ಕಷಾಯ, ಜತೆಗೆ ಪ್ಯಾರಾಸಿಟಮಾಲ್. ಮೂರನೇ ದಿನ ಡಬ್ಬಿಯಲ್ಲಿ ಉಳಿದಿದ್ದ ಅಜಿಥ್ರೋಮೈಸಿನ್ ಒಂದು, ರಾತ್ರಿ ಅರಿಶಿನ ಹಾಲಿನ ಜತೆ. ನಾಲ್ಕನೇ ದಿನ ಇನ್ನೊಂದು. ಐದನೇ ದಿನ ಆರಾಮ, ತೋಟಕ್ಕೆ ಹೋದರು. ಆ ಮಾತ್ರೆ ಹೋದ ವರ್ಷ ಹೆಂಡತಿಗೆ ವೈದ್ಯರು ಬರೆದಿದ್ದರಲ್ಲಿ ಮಿಕ್ಕಿದ್ದು.

ಇದನ್ನು "ಕೋರ್ಸ್ ಪೂರ್ತಿ ಮಾಡಿಲ್ಲ" ಅಂತ ಬರೆಯಬೇಡಿ. ಅಜಿಥ್ರೋಮೈಸಿನ್ 500 ದಿನಕ್ಕೊಂದರಂತೆ ಮೂರು ದಿನ ಬರೆಯುವುದೂ ಇದೆ, ಐದು ದಿನವೂ ಇದೆ. ಚೀಟಿಯೇ ಇಲ್ಲದಿರುವಾಗ ಎಷ್ಟು ಕಡಿಮೆ ಆಯಿತು ಅಂತ ನೀವು ಹೇಳಲಾರಿರಿ. ಬರೆಯಬೇಕಾದ್ದು ಮೂಲ: "ಇನ್ನೊಬ್ಬರ ಹಳೇ ಚೀಟಿಯ ಉಳಿಕೆ". ಉಳಿದ ಮೂಲಗಳು ಈ ಕಾಯಿಲೆಗೇ ಬರೆದ ಚೀಟಿ, ಚೀಟಿ ಇಲ್ಲದೆ ಮೆಡಿಕಲ್ ಶಾಪ್, ಹಳೇ ಚೀಟಿ ತೋರಿಸಿ ತಂದದ್ದು, ಪಕ್ಕದ ಮನೆ ಅಥವಾ ತೋಟದ ಲೆಕ್ಕ ನೋಡುವ ರೈಟರ್ ಕೊಟ್ಟದ್ದು. ದುರ್ಬಳಕೆ ಅಂದರೆ ಏನು ಅನ್ನುವುದನ್ನು ಮನೆಗಳಿಗೆ ಹೋಗುವ ಮೊದಲೇ ಒಂದು ವಾಕ್ಯದಲ್ಲಿ ಬರೆದಿಡಿ: ಈ ಕಾಯಿಲೆಗೆ, ಈ ವ್ಯಕ್ತಿಗೆ ಬರೆದ ಚೀಟಿ ಇಲ್ಲದೆ ತಗೊಂಡ ಆಂಟಿಬಯೋಟಿಕ್. ಅಷ್ಟು ಸಾಕು.

ಮೂರನೇ ದಿನ ಮಾತ್ರೆ, ಐದನೇ ದಿನ ಆರಾಮ. ಮನೆಯವರು "ಆ ಮಾತ್ರೆಯಿಂದಲೇ ಹೋಯ್ತು" ಅಂತಾರೆ. ವೈರಸ್ಸಿನ ನೆಗಡಿ ಹೆಚ್ಚಾಗಿ ಅದೇ ಹೊತ್ತಿಗೆ ತಾನಾಗೇ ಇಳಿಮುಖ ಆಗುತ್ತದೆ. ಕೊನೆಗೆ ತಗೊಂಡದ್ದಕ್ಕೆ ಹೆಸರು ಬರುತ್ತದೆ, ಮೊದಲು ಕುಡಿದ ಕಷಾಯಕ್ಕೆ ಬರುವುದಿಲ್ಲ. ಹಾಗಾಗಿ "ಯಾವುದರಿಂದ ಗುಣ ಆಯ್ತು?" ಅಂತ ಕೇಳಿ, ಆದರೆ ಅದನ್ನು ಪರಿಣಾಮ ಅಂತ ಅಲ್ಲ, ನಂಬಿಕೆ ಅಂತ ಲೆಕ್ಕ ಹಿಡಿಯಿರಿ. ಮುಂದಿನ ಸಲಕ್ಕೆ ಪಟ್ಟಿ ಎತ್ತಿಡುವುದಕ್ಕೆ ಕಾರಣ ಈ ನಂಬಿಕೆಯೇ ಇರಬಹುದು.

ಅರಿಶಿನ ಹಾಲನ್ನು ಸುಮ್ನೆ ಹೇಳಲಿಲ್ಲ. ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಜತೆ ಹಾಲು ಕುಡಿದರೆ ಹಾಲಿನ ಕ್ಯಾಲ್ಸಿಯಂ ಮಾತ್ರೆಯನ್ನು ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಸೇರುವುದು ಕಡಿಮೆ. ಅಜಿಥ್ರೋಮೈಸಿನ್‌ಗೆ ಆ ತೊಂದರೆ ಇಲ್ಲ. ಆದ್ದರಿಂದ "ಮಾತ್ರೆಯನ್ನು ಯಾವುದರ ಜತೆ ನುಂಗಿದಿರಿ?" ಅನ್ನುವ ಒಂದೇ ಪ್ರಶ್ನೆಯಲ್ಲಿ ಮನೆಮದ್ದು, ಆಂಟಿಬಯೋಟಿಕ್ ಎರಡೂ ಸೇರುತ್ತವೆ. ಕಾಳುಮೆಣಸಿನ ಪೈಪರಿನ್ ಬಗ್ಗೆಯೂ ಪರೀಕ್ಷಕರು ಕೇಳಬಹುದು. ರಕ್ತಕ್ಕೆ ಹೆಚ್ಚು ಸೇರಲಿ ಅಂತ ರಿಫಾಂಪಿಸಿನ್ ಜತೆ ಪೈಪರಿನ್ ಸೇರಿಸಿದ ಕ್ಷಯದ ಔಷಧ ಭಾರತದಲ್ಲೇ ಬಂದಿದೆ. ಆದರೆ ಒಂದು ಲೋಟ ಕಷಾಯದಲ್ಲಿ ಎಷ್ಟು ಪೈಪರಿನ್ ಇತ್ತು ಅಂತ ಸರ್ವೆಯಿಂದ ತಿಳಿಯುವುದಿಲ್ಲ. ಆ ಬಗ್ಗೆ ತೀರ್ಮಾನ ಬರೆಯಲು ಹೋಗಬೇಡಿ.

ಮನೆಮದ್ದನ್ನೂ ಮೊದಲೇ ಬಿಡಿಸಿಟ್ಟುಕೊಳ್ಳಿ. ನೀವು ಆಗಸ್ಟ್‌ನಲ್ಲಿ ಮನೆಗಳಿಗೆ ಹೋದರೆ ಕಕ್ಕಡ ತಿಂಗಳ ಹದಿನೆಂಟನೇ ದಿನ ಪಾಯಸ ಮಾಡಿ ಉಣ್ಣುವ ಮದ್ದು ಸೊಪ್ಪು ಎಲ್ಲರ ಬಾಯಲ್ಲೂ ಬರುತ್ತದೆ. "ಕಳೆದ ತಿಂಗಳು ಮನೆಮದ್ದು ತಗೊಂಡಿರಾ?" ಅಂದರೆ ಮದ್ದು ಪಾಯಸ ಉಂಡವರೆಲ್ಲ ಹೌದು ಅಂತಾರೆ, ನಿಮ್ಮ ಅಂಕಿ ಸುಮ್ಮನೆ ಮೇಲೇರುತ್ತದೆ. ಅದು ಹಬ್ಬದ ಊಟ, ಕಾಯಿಲೆ ಬಂದು ಮಾಡಿದ ಉಪಚಾರ ಅಲ್ಲ. ಅದಕ್ಕೊಂದು ಪ್ರತ್ಯೇಕ ಸಾಲು ಕೊಡಿ. ಆ ದಿನ ಮೂತ್ರ ಕೆಂಪಗಾಗುವುದು ಸೊಪ್ಪಿನ ಬಣ್ಣದಿಂದ. ಅದನ್ನೂ ಲಕ್ಷಣ ಅಂತ ಬರೆದುಕೊಳ್ಳಬೇಡಿ. ದೊಡ್ಡಪತ್ರೆ ರಸ, ಜೇನು, ಮೆಣಸಿನ ಕಷಾಯ ಇವೆಲ್ಲ ಕಾಯಿಲೆಯ ಸಾಲಿಗೆ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಿದ್ದು ಗೊತ್ತಾದರೆ ಬೋಟುಲಿಸಂ ಅಪಾಯ ಇರುವುದರಿಂದ ಅದನ್ನು ಬೇರೆ ಗುರುತು ಮಾಡಿ.

ಎಷ್ಟು ಮನೆ? ಸೂತ್ರ n = Z²p(1−p)/d². Z ಅಂದರೆ ಶೇ. 95 ವಿಶ್ವಾಸಕ್ಕೆ 1.96, p ನೀವು ಅಂದಾಜು ಮಾಡುವ ಪ್ರಮಾಣ, d ಬೇಕಾದ ನಿಖರತೆ. ಹಿಂದಿನ ಅಂಕಿ ಕೈಯಲ್ಲಿಲ್ಲದಿದ್ದರೆ p ಅನ್ನು 0.5 ಹಿಡಿಯಿರಿ. ಶೇ. 5ರ ನಿಖರತೆಗೆ 384 ಮನೆ ಬರುತ್ತದೆ, ಒಬ್ಬರಿಗೆ ಅದು ಆಗದ ಕೆಲಸ. ಶೇ. 10 ಸಾಕು ಅಂದರೆ 96. ಊರಿಂದ ಊರಿಗೆ ಗುಂಪಾಗಿ ಆರಿಸುವುದರಿಂದ ಒಂದೂವರೆ ಪಟ್ಟು ಮಾಡಿದರೆ 144. ನೀವು 150 ಇಟ್ಟುಕೊಳ್ಳಿ, ಹದಿನೈದು ಜಾಗ, ಜಾಗಕ್ಕೆ ಹತ್ತು ಮನೆ. ಆದರೆ 150 ಮನೆಯಲ್ಲಿ ಕಳೆದ ತಿಂಗಳು ಕಾಯಿಲೆ ಬಂದದ್ದು ಒಂದಷ್ಟು ಮನೆಯಲ್ಲಿ ಮಾತ್ರ. ಅದರಲ್ಲಿ ಮೊದಲು ಕಷಾಯ ಕುಡಿದವರು, ಕುಡಿಯದವರು ಅಂತ ಹೋಲಿಸಿದರೆ ಅಂಕಿ ತೀರಾ ಸಣ್ಣದಾಗುತ್ತದೆ. ಅದಕ್ಕೇ ಮುಖ್ಯ ಅಳತೆ ಡಬ್ಬಿ: ಚೀಟಿಯ ಬಳಕೆ ಮುಗಿದ ಮೇಲೂ ಆಂಟಿಬಯೋಟಿಕ್ ಉಳಿಸಿಕೊಂಡ ಮನೆಗಳು ಶೇಕಡಾ ಎಷ್ಟು? ಈಗ ನುಂಗುತ್ತಿರುವ ಮಾತ್ರೆ ಇದರಲ್ಲಿ ಸೇರುವುದಿಲ್ಲ, ಖಾಲಿ ಪಟ್ಟಿಯೂ ಸೇರುವುದಿಲ್ಲ. ಏಳು ದಿನದ ಗೆರೆ ಎರಡನೆಯದು, ಬರೀ ವಿವರಣೆಗೆ. ಹೋಲಿಸಿಯೇ ತೀರುತ್ತೇನೆ ಅಂದರೆ ಜ್ವರ ಎಷ್ಟು ದಿನ ಇತ್ತು, ಕೆಲಸಕ್ಕೆ ರಜೆ ಹಾಕಿದರಾ ಅನ್ನುವುದನ್ನೂ ಕೇಳಬೇಕು. ಜಾಸ್ತಿ ಹುಷಾರಿಲ್ಲದವರು ಕಷಾಯವನ್ನೂ ಮಾತ್ರೆಯನ್ನೂ ಎರಡನ್ನೂ ಜಾಸ್ತಿ ತಗೊಂಡಿರುತ್ತಾರೆ.

"ಪ್ರತಿ ಐದನೇ ಮನೆ" ಅನ್ನುವ ಪುಸ್ತಕದ ವಿಧಾನ ನಮ್ಮ ಕಡೆ ನಡೆಯುವುದಿಲ್ಲ. ತೋಟದ ಮಧ್ಯೆ ಒಂದು ಮನೆ, ಇನ್ನೊಂದು ಮನೆ ಗುಡ್ಡದಾಚೆ. ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿಯ ಮನೆ ಪಟ್ಟಿಯಿಂದ ಲಾಟರಿ ಥರ ಚೀಟಿ ಎತ್ತಿ ಮನೆ ಆರಿಸಿ. ಅವರನ್ನು ಮಾತ್ರ ಒಳಗೆ ಕರೆದುಕೊಂಡು ಹೋಗಬೇಡಿ, ಡಬ್ಬಿ ಅರ್ಧವೇ ತೆರೆಯುತ್ತದೆ. ಸ್ವಂತ ಮನೆ 75, ತೋಟದ ಕಾರ್ಮಿಕರ ಲೈನ್ ಮನೆ 75 ಅಂತ ಮೊದಲೇ ಭಾಗ ಮಾಡಿ, ಯಾಕೆಂದರೆ ಲೈನ್ ಮನೆಯವರಿಗೆ ಮಾತ್ರೆ ಬರುವ ದಾರಿಯೇ ಬೇರೆ. ಕಾಫಿ ಕೊಯ್ಲಿನ ಹೊತ್ತಲ್ಲಿ ಅಲ್ಲಿ ಹಗಲು ಯಾರೂ ಸಿಗಲ್ಲ, ಸಂಜೆ ಕೆಲಸ ಬಿಟ್ಟ ಮೇಲೆ ಹೋಗಿ. ತೋಟದ ಮಾಲೀಕರ ಅನುಮತಿ ಬೇಕು, ಆದರೆ ಕಾರ್ಮಿಕರ ಒಪ್ಪಿಗೆ ಅವರಿಂದಲೇ ಬೇರೆಯಾಗಿ ಪಡೆಯಬೇಕು. ರೈಟರ್ ಪಕ್ಕದಲ್ಲಿ ನಿಂತಿದ್ದರೆ ಪ್ರಶ್ನೆ ಕೇಳಬೇಡಿ. ಜೇನುಕುರುಬ, ಯರವ ಹಾಡಿಗಳಿಗೆ ಎಥಿಕ್ಸ್ ಕಮಿಟಿ ಹೆಚ್ಚಿನ ವಿವರ ಕೇಳುತ್ತದೆ. ನಿಮಗಿರುವ ಒಂದು ಸೆಮಿಸ್ಟರ್‌ನಲ್ಲಿ ಅದನ್ನು ಸೇರಿಸದಿರುವುದೇ ವಾಸಿ.

ಇನ್ನು ಕೆಲವರು ನಿಮಗೆ "ರೋಗಿಯ ಥರ ಮೆಡಿಕಲ್ ಶಾಪ್‌ಗೆ ಹೋಗಿ ಚೀಟಿ ಇಲ್ಲದೆ ಕೇಳಿ ನೋಡು" ಅನ್ನಬಹುದು. ವಿರಾಜಪೇಟೆಯಂಥ ಊರಲ್ಲಿ ಅಂಗಡಿಯವರಿಗೆ ನಿಮ್ಮ ಮನೆತನವೇ ಗೊತ್ತಿರುತ್ತದೆ. ಅದನ್ನು ಬಿಡಿ.

ಫ್ರಿಜ್ಜಿನ ಹಳೇ ಸಿರಪ್, ತುದಿ ಇಲ್ಲದ ಪಟ್ಟಿ ಕಂಡರೆ ಹೇಳದೆ ಬರಬಾರದು. ಆದರೆ ಎಲ್ಲಾ ಪ್ರಶ್ನೆ ಮುಗಿದ ಮೇಲೆ ಹೇಳಿ. ಮೊದಲೇ ಹೇಳಿದರೆ ಮುಂದಿನ ಉತ್ತರಗಳು ತಿದ್ದಿಕೊಂಡು ಬರುತ್ತವೆ. ಮಾತ್ರೆಗಳನ್ನು ನೀವೇ ಎತ್ತಿಕೊಂಡು ಬರಬೇಡಿ. ಅದಕ್ಕೆ ಕಮಿಟಿಯ ಒಪ್ಪಿಗೆ ಇರುವುದಿಲ್ಲ, ಅಜ್ಜಿಯ ಒಪ್ಪಿಗೆ ಅಂತೂ ಮೊದಲೇ ಇರಲ್ಲ. ಹಾಳೆಯನ್ನು ಮೊದಲು ನಿಮ್ಮ ನೆಂಟರಲ್ಲದ ಹತ್ತು ಮನೆಯಲ್ಲಿ ಪರೀಕ್ಷಿಸಿ. ಒಂದು ಮನೆಗೆ ಅರ್ಧ ಗಂಟೆಗಿಂತ ಜಾಸ್ತಿ ಹಿಡಿದರೆ ಏಳು ದಿನದ ಗೆರೆಯನ್ನು ಐದಕ್ಕೆ ಇಳಿಸಿ, ಡಬ್ಬಿಯ ಪಟ್ಟಿಯಲ್ಲಿ ಏನೂ ಕಡಿಮೆ ಮಾಡಬೇಡಿ.